ಪಾಳಿ

ಧಾರವಾಡದಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದ ಮಂಜುನಾಥ ಹೋಳಿ ಹುಣ್ಣಿಮೆಗೆಂದು ಬಾಗಲಕೋಟೆಗೆ ಹೊರಟವನು ಬಸ್ಸಿನಲ್ಲಿ ಒಮ್ಮೆಯೂ ಟೊಪ್ಪಿಗೆ ತೆಗೆಯಲಿಲ್ಲ. ಕೆರೂರು ದಾಟುವ ಹೊತ್ತಿಗೆ ಮಾರ್ಚ್ ತಿಂಗಳ ಬಿಸಿಲು ಕಿಟಕಿಯ ಗಾಜನ್ನು ಕಾಯಿಸಿತ್ತು. ಟೊಪ್ಪಿಗೆಯೊಳಗೆ ಬೆವರು ಇಳಿದಲ್ಲೆಲ್ಲ ನೆತ್ತಿಯ ಚರ್ಮ ಚುರುಚುರು ಎನ್ನುತ್ತಿತ್ತು. ನಿಲ್ದಾಣದಲ್ಲಿ ಇಳಿದು ಮನೆಗೆ ಹೋಗಲು ಅಪ್ಪನ ಅಂಗಡಿಯ ಮುಂದಿನ ರಸ್ತೆಯೇ ಹತ್ತಿರದ ದಾರಿ. ಆದರೆ ಅವನು ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಹೋದ.

ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಕಾಮದಹನವಾದ ಮೇಲೆ ಮೂರು ದಿನ ಬಣ್ಣದಾಟ. ಹಗಲೂ ರಾತ್ರಿಯೂ ಹಲಗಿಯ ಸದ್ದು. ಬ್ಯಾರಲ್ಲುಗಟ್ಟಲೆ ಬಣ್ಣದ ನೀರು ಹೇರಿಕೊಂಡ ಬಂಡಿಗಳು, ಟ್ರ್ಯಾಕ್ಟರುಗಳು ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಮೆರವಣಿಗೆ ಹೊರಡುತ್ತವೆ. ಈ ಸಲ ಓಣಿಯ ಗೆಳೆಯರು ಫೋನಿನಲ್ಲೇ ಒಂದು ಠರಾವು ಮಾಡಿಕೊಂಡಿದ್ದರು: ಟ್ರ್ಯಾಕ್ಟರಿನ ಮೇಲೆ ನಿಲ್ಲುವ ಆರೂ ಮಂದಿ ಕೂದಲು ಬಿಳಿ ಮಾಡಿಸಿಕೊಂಡು ಬರಬೇಕು, ಬಿಳಿಯ ಮೇಲೆ ಬಣ್ಣ ಎದ್ದು ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಠರಾವಿಗೆ ಹೆಬ್ಬೆರಳು ಎತ್ತಿದವರು ಆರು ಮಂದಿ. ನಿಜವಾಗಿ ತಲೆ ಕೊಟ್ಟವನು ಮಂಜುನಾಥ ಒಬ್ಬನೇ. ಈರಣ್ಣನ ಮನೆಯಲ್ಲಿ ಮುಂದಿನ ವಾರ ಅಕ್ಕನ ನಿಶ್ಚಯ ಇತ್ತಂತೆ. ಇನ್ನೊಬ್ಬ ಹಣೆಯ ಮೇಲಿನ ಒಂದು ಎಳೆಗೆ ಮಾತ್ರ ಹಚ್ಚಿಕೊಂಡು, ಉಳಿದದ್ದನ್ನು ಹಬ್ಬದ ದಿನ ನೋಡೋಣ ಎಂದಿದ್ದ.

ಕೆಲಸ ನಡೆದದ್ದು ಧಾರವಾಡದ ಬಾಡಿಗೆಯ ಕೋಣೆಯಲ್ಲಿ. ಬ್ಲೀಚ್ ಪುಡಿಯ ಪೊಟ್ಟಣ, ನಲವತ್ತು ವಾಲ್ಯೂಮಿನ ಪೆರಾಕ್ಸೈಡ್ ಬಾಟಲಿ, ಹಲ್ಲುಜ್ಜುವ ಹಳೆಯ ಬ್ರಷ್ಷು, ಸಾರು ಬಡಿಸುವ ಸ್ಟೀಲ್ ಬಟ್ಟಲು. ಕೋಣೆಯ ಜೊತೆಗಾರ ಫೋನಿನಲ್ಲಿ ವಿಡಿಯೊ ನೋಡುತ್ತ ಹಚ್ಚಿದ. ಸ್ಟೀಲಿನ ಬಟ್ಟಲಲ್ಲಿ ಕಲಸಬಾರದು ಎಂದು ಆ ವಿಡಿಯೊದ ಕೊನೆಯಲ್ಲಿ ಹೇಳಿದ್ದರು. ಅಷ್ಟು ಹೊತ್ತಿಗೆ ಅರ್ಧ ತಲೆ ಮುಗಿದಿತ್ತು. ಕಪ್ಪು ಮೊದಲು ಇಟ್ಟಂಗಿ ಕೆಂಪಾಯಿತು, ಆಮೇಲೆ ಕಿತ್ತಳೆಯಾಯಿತು, ಬಿಳಿಯಾಗಲೇ ಇಲ್ಲ. ಇನ್ನಷ್ಟು ಹೊತ್ತು ಇಡೋಣ ಎಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕುಳಿತರು. ಉರಿ ತಡೆಯಲಾಗದೆ ಮಂಜುನಾಥ ಬಚ್ಚಲಿಗೆ ಓಡಿ ನಳದ ಕೆಳಗೆ ತಲೆಯೊಡ್ಡಿದಾಗ, ಬುಡದಲ್ಲಿ ತಿಳಿ ಹಳದಿ, ನಡುವೆ ಕಿತ್ತಳೆ, ಕಿವಿಯ ಹಿಂದೆ ಯಾರೂ ಮುಟ್ಟದ ಕಪ್ಪು ಉಳಿದಿತ್ತು.

ಅವ್ವ ಟೊಪ್ಪಿಗೆ ತೆಗೆಸಿ ನೋಡಿದಳು. ಬಾಯಿಯ ಮೇಲೆ ಸೆರಗು ಇಟ್ಟುಕೊಂಡದ್ದು ಅಳುವುದಕ್ಕೋ ನಗುವುದಕ್ಕೋ ಅವನಿಗೆ ತಿಳಿಯಲಿಲ್ಲ.

“ನಿಮ್ಮಪ್ಪಗ ನೀನ ತೋರಿಸು. ನಾ ನಡುವ ಬರೂದಿಲ್ಲ,” ಎಂದು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತುಂಬಿದ ಡಬ್ಬಿಯನ್ನು ಕೈಗೆ ಕೊಟ್ಟು ಅಂಗಡಿಗೆ ಅಟ್ಟಿದಳು.

ಹನಮಂತಪ್ಪನದು ಕ್ಷೌರದ ಅಂಗಡಿ. ಹಳೆಯ ಊರಿನಲ್ಲಿ ಅವನ ಅಪ್ಪ ನಡೆಸುತ್ತಿದ್ದ ಅಂಗಡಿ ಆಲಮಟ್ಟಿಯ ಹಿನ್ನೀರಿಗೆ ಹೋದಾಗ, ಎತ್ತಿಕೊಳ್ಳಲು ಸಾಧ್ಯವಿದ್ದ ಒಂದು ಕಬ್ಬಿಣದ ಕುರ್ಚಿಯನ್ನೂ ಬೆಲ್ಜಿಯಂ ಗಾಜಿನ ಒಂದು ಕನ್ನಡಿಯನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಹೊಸ ಜಾಗದಲ್ಲಿ ಕೂರಿಸಿದ್ದ. ಆ ಕುರ್ಚಿ ಈಗಲೂ ಅವನದೇ. ಎರಡನೆಯದರಲ್ಲಿ ಬಸು ಕೆಲಸ ಮಾಡುತ್ತಾನೆ. ಮಂಜುನಾಥನನ್ನು ಓದಿಸಿದ್ದು ಈ ಎರಡು ಕುರ್ಚಿಗಳು. ಅಂಗಡಿಗೆ ಬಂದು ಕೂಡಬೇಕೆಂದು ಅಪ್ಪ ಎಂದೂ ಹೇಳಿರಲಿಲ್ಲ, ಮಗನೂ ಅಲ್ಲಿನ ಗಾಜಿನ ಕಪಾಟಿನೊಳಗೆ ಏನೇನಿದೆ ಎಂದು ಕಣ್ಣೆತ್ತಿ ನೋಡಿರಲಿಲ್ಲ.

ಅಂದು ಭಾನುವಾರ, ಅದರಲ್ಲೂ ಹಬ್ಬಕ್ಕೆ ಮುಂಚಿನ ಭಾನುವಾರ. ಬೆಂಚಿನ ಮೇಲೆ ಐದಾರು ಮಂದಿ ಪಾಳಿ ಕಾಯುತ್ತಿದ್ದರು. ಬಸುವಿನ ಕುರ್ಚಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಲೆಗೆ, ಮೀಸೆಗೆ, ಹುಬ್ಬಿಗೂ ಕರಿ ಬಣ್ಣ ಹಚ್ಚಿಸಿಕೊಂಡು ಒಣಗಲು ಕುಳಿತಿದ್ದರು. ಹನಮಂತಪ್ಪ ಗಿರಾಕಿಯೊಬ್ಬನ ಗಲ್ಲದ ಮೇಲೆ ಕತ್ತಿ ಆಡಿಸುತ್ತಿದ್ದವನು ಕನ್ನಡಿಯಲ್ಲಿ ಮಗನನ್ನು ಕಂಡ. ಕಿವಿಯ ಪಕ್ಕದಲ್ಲಿ ಟೊಪ್ಪಿಗೆಯ ಹೊರಗೆ ಹಣಿಕಿದ್ದ ನಾಲ್ಕು ಎಳೆಗಳನ್ನೂ ಕಂಡ.

“ಟೊಪಗಿ ತಗಿ.”

ಮಂಜುನಾಥ ತೆಗೆದ. ಬೆಂಚಿನ ಮೇಲಿದ್ದವರ ಮಾತು ನಿಂತಿತು. ಹನಮಂತಪ್ಪನ ಕತ್ತಿ ನಿಲ್ಲಲಿಲ್ಲ. ಗಲ್ಲದಿಂದ ಗಂಟಲಿಗೆ ಇಳಿದು, ನೊರೆಯನ್ನು ಎಡಗೈಯ ಕಾಗದಕ್ಕೆ ಒರೆಸಿ, ಮತ್ತೆ ಗಂಟಲಿಗೆ ಬಂತು.

“ಕೂಡು. ಪಾಳಿ ಬರಲಿ.”

ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ಇದು ಏನೆಂದು ಅರ್ಥವಾಗಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತ. ಪಕ್ಕದವನು ಸ್ವಲ್ಪ ಸರಿದ.

“ದೇವರು ಕೊಟ್ಟ ಕರಿ ಕೂದಲಾ ಇದು,” ಎಂದು ಮಾಸ್ತರರು ಕನ್ನಡಿಯನ್ನು ನೋಡುತ್ತಲೇ ಶುರು ಮಾಡಿದರು. “ಹುಟ್ಟಿದ ಬಣ್ಣ ಬಿಟ್ಟು ಬ್ಯಾರೆ ಬಣ್ಣ ಯಾಕ ಬೇಕ್ರಿ ಮನಷ್ಯಾಗ? ನಮ್ಮ ಕಾಲದಾಗ...” ಹೀಗೆನ್ನುವಾಗ ಅವರ ಹುಬ್ಬಿನಿಂದ ಕರಿ ಬಣ್ಣದ ಹನಿಯೊಂದು ಮೂಗಿನ ಕಡೆಗೆ ಹರಿಯತೊಡಗಿತು; ಬಸು ಹತ್ತಿಯಿಂದ ಒರೆಸಿ, “ಸರ್, ಮಾತಾಡಬ್ಯಾಡ್ರಿ, ಇಳೀತೈತಿ,” ಎಂದ. ಬೆಂಚಿನವರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದರು.

ಪಾಳಿ ಬರಲು ಒಂದೂವರೆ ತಾಸು ಹಿಡಿಯಿತು. ಮಂಜುನಾಥನ ಹಿಂದೆ ಬಂದವರನ್ನು ಹನಮಂತಪ್ಪ ಮುಂದೆ ಕರೆಯಲಿಲ್ಲ, ಮುಂದಿದ್ದವರನ್ನು ತಪ್ಪಿಸಿ ಮಗನನ್ನು ಕರೆಯಲೂ ಇಲ್ಲ. ಕೊನೆಗೆ ಬಟ್ಟೆ ಝಾಡಿಸಿ, ಕಬ್ಬಿಣದ ಕುರ್ಚಿಯ ಕಡೆಗೆ ಗದ್ದ ತೋರಿಸಿದ.

ಕುತ್ತಿಗೆಗೆ ಬಟ್ಟೆ ಕಟ್ಟಿ, ಬಾಚಣಿಗೆಯ ಹಿಡಿಕೆಯಿಂದ ಕೂದಲನ್ನು ಗೆರೆಗೆರೆಯಾಗಿ ಬಿಡಿಸುತ್ತ ನೆತ್ತಿಯನ್ನು ನೋಡಿದ. ಎರಡು ಕಡೆ ಚರ್ಮ ಕೆಂಪಾಗಿತ್ತು, ಒಂದು ಕಡೆ ಸಣ್ಣ ಹಕ್ಕಳೆ ಕಟ್ಟಿತ್ತು. ಒಂದು ಎಳೆಗೆ ನೀರು ಚಿಮುಕಿಸಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಎಳೆ ರಬ್ಬರಿನಂತೆ ಉದ್ದವಾಯಿತು. ಬಿಟ್ಟರೆ ಹಿಂದಕ್ಕೆ ಬರಲಿಲ್ಲ, ತುಂಡಾಗಿ ಬೆರಳಲ್ಲೇ ಉಳಿಯಿತು.

“ಎಷ್ಟರ ವಾಲ್ಯೂಮ್?”

ಅಪ್ಪನ ಬಾಯಲ್ಲಿ ಆ ಮಾತು ಬರುತ್ತದೆಂದು ಮಂಜುನಾಥ ಎಣಿಸಿರಲಿಲ್ಲ. “ನಲವತ್ತು.”

“ತಲಿಗೆ ಹತ್ತೂವಂಗ ನಲವತ್ತು ಹಚ್ಚಿದಿ. ಇಪ್ಪತ್ತು ಸಾಕು, ಎರಡು ಸರ್ತಿ ಮಾಡಬೇಕು, ನಡುವ ನಾಕೈದು ವಾರ ಬಿಡಬೇಕು. ಬುಡಕ್ಕ ಮೊದಲು ಹಚ್ಚಿದ್ರೇನು?”

“ಹೂಂ.”

“ಬುಡದಾಗ ತಲಿ ಕಾವು ಇರತೈತಿ, ಅಲ್ಲೆ ಜಲ್ದಿ ಹಿಡೀತೈತಿ. ಬುಡಕ್ಕ ಕಡೀಕ ಹಚ್ಚಬೇಕು. ಅದಕ್ಕ ಬುಡ ಹಳದಿ ಆಗೇತಿ, ತುದಿ ಕಿತ್ತಳಿ ಉಳದೈತಿ.” ಗಾಜಿನ ಕಪಾಟು ತೆರೆದು ಒಂದು ಸಣ್ಣ ಬಾಟಲಿ ಹೊರತೆಗೆದ, ನೇರಳೆ ಬಣ್ಣದ್ದು. “ಈ ಹಳದಿ ಹೋಗಿ ಬಿಳಿ ಕಾಣಬೇಕಾದ್ರ ಆಮ್ಯಾಗ ಇದನ್ನ ಹಚ್ಚಬೇಕು. ನಿನ್ನ ವಿಡಿಯೊದಾಗ ಹೇಳಿದ್ರೋ ಇಲ್ಲೋ?”

ಮಂಜುನಾಥ ಉತ್ತರ ಕೊಡಲಿಲ್ಲ. ಹನಮಂತಪ್ಪ ಬಾಟಲಿಯನ್ನು ಮತ್ತೆ ಒಳಗಿಟ್ಟ. ಸುಟ್ಟ ಚರ್ಮಕ್ಕೆ ಇನ್ನೇನನ್ನೂ ಹಚ್ಚುವ ಹಾಗಿರಲಿಲ್ಲ.

“ಕರಿ ಹಚ್ಚಿಬಿಡು ಅಪ್ಪಾ.”

“ಈ ಗಾಯದ ಮ್ಯಾಲೆ? ನಾಳೆ ಮುಖ ಬಾತು ದವಾಖಾನಿಗೆ ಹೋಗ್ತಿ.”

“ಹಂಗಾರ ಬೋಳಿಸಿಬಿಡು.”

ಬಾಚಣಿಗೆ ನಿಂತಿತು. ಕತ್ತಿ ಹಿಡಿದಾಗಲೂ ಅಲುಗದಿದ್ದ ಕೈ ಈಗ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿತು.

“ನಾ ಇನ್ನೂ ಅದೀನಿ,” ಎಂದ ಹನಮಂತಪ್ಪ. “ಅಪ್ಪ ಇದ್ದ ಮಕ್ಕಳಿಗೆ ಈ ಕುರ್ಚಿ ಮ್ಯಾಲೆ ನನ್ನಪ್ಪನೂ ಬೋಳಿಸಿಲ್ಲ, ನಾನೂ ಬೋಳಿಸಿಲ್ಲ. ತಿರುಪತಿಗೆ ಹ್ವಾದಾಗ ಕೊಡಾಕಂತಿ.”

ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಮಂಜುನಾಥ ಕನ್ನಡಿಯಲ್ಲಿ ಅಪ್ಪನ ಮುಖ ನೋಡಲಾಗದೆ ಕೆಳಗೆ, ಕಡಪಾ ಕಲ್ಲಿನ ಹಲಗೆಯ ಮೇಲಿದ್ದ ಕತ್ತರಿಗಳ ಸಾಲನ್ನು ನೋಡತೊಡಗಿದ.

“ಅಂಗಡಿಗೆ ಯಾಕ ಬರಲಿಲ್ಲ?”

“ನೀ ಬೈತಿದ್ದಿ.”

“ಬೈತಿದ್ದೆ. ಬೈದು ಮಾಡತಿದ್ದೆ.” ಅವನು ಇದನ್ನು ಹೇಳಿದ ಬಗೆಯಲ್ಲಿ ಸಿಟ್ಟು ಈಗ ಮೊದಲ ಸಲ ಕಾಣಿಸಿತು, ಮತ್ತು ಕಾಣಿಸಿದ್ದೇ ಬೆಳೆಯತೊಡಗಿತು. “ಹುಬ್ಬಳ್ಳ್ಯಾಗ ಕಂಪನಿಯವರು ಮೂರು ದಿನ ಕಲಿಸಿದ್ರು, ರೊಕ್ಕ ಕೊಟ್ಟು ಹೋಗಿ ಕಲ್ತು ಬಂದೀನಿ. ನಿಮ್ಮಪ್ಪಗ ಕಟಿಂಗ್, ದಾಡಿ ಬಿಟ್ರ ಏನೂ ಬರೂದಿಲ್ಲಂತ ತಿಳದಿ ನೀನು. ಹಲ್ಲು ತಿಕ್ಕೂ ಬ್ರಷ್‌ನ್ಯಾಗ ಹಚ್ಚಿಸಿಕೊಂಡು ಬಂದು, ಮ್ಯಾಲೆ ಹಿಂದಿನ ಓಣಿಗುಂಟ ಮನಿಗೆ ಹೋಗೀದಿ. ಬಸು ನೋಡ್ಯಾನ. ನಾಳೆ ಟ್ರ್ಯಾಕ್ಟರ್ ಮ್ಯಾಲೆ ನಿಂತ್ರ ಊರ ಮಂದಿ ಏನಂತಾರ ಗೊತ್ತೈತೇನು? ಹುಡುಗ ಕೆಟ್ಟಾನ ಅನ್ನೂದಿಲ್ಲ. ಹನಮಂತಪ್ಪನ ಕೈ ಕೆಟ್ಟೈತಿ ಅಂತಾರ.”

ಇಡೀ ದಾರಿಯುದ್ದಕ್ಕೂ ತಾನು ಸಿದ್ಧಪಡಿಸಿಕೊಂಡು ಬಂದಿದ್ದ ಉತ್ತರಗಳು, ಕಾಲ ಬದಲಾಗಿದೆ, ಎಲ್ಲರೂ ಮಾಡಿಸುತ್ತಾರೆ, ನನ್ನ ತಲೆ ನನ್ನ ಇಷ್ಟ ಎಂಬಂಥವು, ಈ ಮಾತಿಗೆ ಯಾವುದೂ ಹೊಂದುವುದಿಲ್ಲವೆಂದು ಮಂಜುನಾಥನಿಗೆ ಹೊಳೆಯಿತು. “ಇನ್ನೊಮ್ಮೆ ನಿನ್ನ ಕಡೆನ ಬರ್ತೀನಿ,” ಎಂದಷ್ಟೇ ಹೇಳಿದ.

“ಇನ್ನೊಮ್ಮೆ ಬ್ಯಾರೆ ಐತೇನು!” ಎಂದ ಹನಮಂತಪ್ಪ. ಆದರೆ ಕೈ ಆಗಲೇ ಕತ್ತರಿಯನ್ನು ಎತ್ತಿಕೊಂಡಿತ್ತು.

ಕಿತ್ತಳೆಯಾಗಿದ್ದ ಉದ್ದವನ್ನೆಲ್ಲ ಕತ್ತರಿಸಿದ. ಬುಡದ ಹಳದಿ ಎಲ್ಲಿಯವರೆಗೆ ಒಂದೇ ಸಮ ಬಂದಿತ್ತೋ ಅಲ್ಲಿಯವರೆಗೆ ಮಾತ್ರ, ಸುಮಾರು ಒಂದು ಬೆರಳಿನಗಲ, ಉಳಿಸಿದ. ಗಾಯದ ಮೇಲೆ ಮಶಿನ್ ತಾಕಬಾರದೆಂದು ನೆತ್ತಿಯನ್ನು ಪೂರ್ತಿ ಕತ್ತರಿ, ಬಾಚಣಿಗೆಯಲ್ಲೇ ಮಾಡಿದ. ಕಪ್ಪು ಉಳಿದಿದ್ದ ಕಿವಿಯ ಹಿಂಭಾಗಕ್ಕೆ ಮಾತ್ರ ಸಣ್ಣ ನಂಬರಿನ ಮಶಿನ್ ಹಿಡಿದು, ಕುತ್ತಿಗೆಯಿಂದ ಮೇಲಕ್ಕೆ ಕಪ್ಪು ತೆಳುವಾಗುತ್ತ ಹೋಗಿ ಹಳದಿಯೊಳಗೆ ಸೇರುವ ಹಾಗೆ ಮಾಡಿದ. ಬೇಕೆಂದೇ ಬಿಟ್ಟ ಕಪ್ಪು ಅನ್ನಿಸಬೇಕು, ಹಾಗೆ. ಎರಡು ಸಲ ಹಿಂದೆ ಸರಿದು ಕಣ್ಣು ಕಿರಿದಾಗಿಸಿ ನೋಡಿ, ಎಡಗಡೆ ಇನ್ನೆರಡು ಎಳೆ ತೆಗೆದ. ಬಸು ತನ್ನ ಗಿರಾಕಿಯನ್ನು ಬಿಟ್ಟು ನೋಡುತ್ತ ನಿಂತಿದ್ದ. ಕರಿ ಬಣ್ಣ ತೊಳೆಸಿಕೊಂಡು ಹೊಸಬರಾಗಿದ್ದ ಮಾಸ್ತರರೂ ಹೊರಡದೆ ನಿಂತಿದ್ದರು.

“ಮೂರು ದಿನಾನೂ ಹೊರಗ ಬೀಳೂ ಮೊದಲ ಕೊಬ್ಬರಿ ಎಣ್ಣಿ ಬಡಕೋಬೇಕು, ದಪ್ಪಗೆ. ಮ್ಯಾಲೆ ವಸ್ತ್ರ ಕಟ್ಟು. ಬ್ಲೀಚ್ ಮಾಡಿದ ಕೂದಲಿಗೆ ಹಸಿರು, ಗುಲಾಬಿ ಹತ್ತಿದ್ರ ತಿಂಗಳಾದ್ರೂ ಹೋಗೂದಿಲ್ಲ,” ಎಂದು ಹೇಳಿ ಬಟ್ಟೆ ಬಿಚ್ಚಿದ. “ಏಳು. ಕಸಬರಿಗಿ ಆ ಮೂಲ್ಯಾಗ ಐತಿ.”

ಮಂಜುನಾಥ ತನ್ನ ಕೂದಲನ್ನು ಗುಡಿಸುತ್ತಿರುವಾಗಲೇ ಈರಣ್ಣ, ಅಚ್ಚ ಕಪ್ಪು ಕೂದಲಿನ ಈರಣ್ಣ, ಕ್ಷೌರಕ್ಕೆಂದು ಒಳಗೆ ಬಂದ. ಗೆಳೆಯನ ತಲೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

“ಕಾಕಾ! ಏನ್ ಮಾಡೀರಿ! ಇಂಥಾದ್ದು ಹುಬ್ಬಳ್ಳ್ಯಾಗೂ ಸಿಗೂದಿಲ್ಲ ಬಿಡ್ರಿ.”

ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ ಹನಮಂತಪ್ಪ ತಲೆ ಎತ್ತಿದ. “ಬಣ್ಣ ನಂದಲ್ಲ,” ಎಂದ, ಬೆಂಚಿನ ಕೊನೆಯವನಿಗೂ ರಸ್ತೆಯ ಆಚೆಯ ಪಾನಂಗಡಿಯವನಿಗೂ ಕೇಳುವಷ್ಟು ಗಟ್ಟಿಯಾಗಿ. “ಬಣ್ಣ ಧಾರವಾಡದ್ದು. ಕಟಿಂಗ್ ಅಷ್ಟ ನಂದು.” ಆಮೇಲೆ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು, “ಕೂಡು. ನಿನ್ನ ಮುಂದ ನಾಕು ಮಂದಿ ಅದಾರ,” ಎಂದ.