ಲೆಕ್ಕ ಬೋರ್ಡಿನ ಮೇಲೆ, ಬಾಗಿಲು ತೆರೆದೇ ಇರುತ್ತದೆ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಅಧ್ಯಾಪಕರೇ, ನನ್ನ ಪ್ರೀತಿಯ ಗೆಳೆಯ ಗೆಳತಿಯರೇ, ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ನಾನು ತರಗತಿ ಪ್ರತಿನಿಧಿಯಾಗಿದ್ದೆ. ಲೈಬ್ರರಿ ಮೆಟ್ಟಿಲ ಪಕ್ಕ ಇರುವ ದೂರು ಪೆಟ್ಟಿಗೆಯನ್ನು ಒಂದು ದಿನ ತೆಗೆಸಿದೆವು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕೋದಕ್ಕೇ 3 ದಿನ ಬೇಕಾಯಿತು. ಒಳಗೆ 17 ಚೀಟಿಗಳಿದ್ದವು. ಒಂದರಲ್ಲಿ, 'ರೀಡಿಂಗ್ ರೂಮಿನ ಕಿಟಕಿ ಹತ್ತಿರದ ಫ್ಯಾನ್ ತಿರುಗುತ್ತಿಲ್ಲ, ದಯವಿಟ್ಟು ನೋಡಿ' ಅಂತ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಬರೆದ ಅಕ್ಕ ಅಷ್ಟರಲ್ಲಿ ಡಿಗ್ರಿ ಮುಗಿಸಿ ಹೋಗಿದ್ದರು. ಫ್ಯಾನ್ ಆಗಲೂ ತಿರುಗುತ್ತಿರಲಿಲ್ಲ. ಆ ಚೀಟಿ ಇವತ್ತಿಗೂ ನನ್ನ ನೋಟ್‌ಬುಕ್ಕಿನಲ್ಲಿದೆ. ನಾನು ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿರುವುದು ಅದರಿಂದಲೇ.

ಗೆದ್ದರೆ ಆ ಪೆಟ್ಟಿಗೆಯನ್ನು ಪ್ರತಿ ಶುಕ್ರವಾರ, ಇಬ್ಬರು ತರಗತಿ ಪ್ರತಿನಿಧಿಗಳ ಎದುರಿಗೆ ತೆಗೆಯುತ್ತೇವೆ. ಬಂದ ದೂರು, ಅದನ್ನು ಯಾರಿಗೆ ಕೊಟ್ಟೆವು, ಏನಾಯಿತು, ಮೂರನ್ನೂ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಬರೆದವರ ಹೆಸರು ಮಾತ್ರ ಹಾಕುವುದಿಲ್ಲ. 'ಆಗಲಿಲ್ಲ' ಅಂತ ಬರೆಯಬೇಕಾಗಿ ಬಂದರೆ ಅದನ್ನೂ, ಯಾಕೆ ಆಗಲಿಲ್ಲ ಎನ್ನುವುದನ್ನೂ ಬರೆಯುತ್ತೇವೆ.

ಇನ್ನು ದುಡ್ಡಿನ ವಿಷಯ. ವಿದ್ಯಾರ್ಥಿ ಸಂಘದ ಹಣ ನಿಮ್ಮ ಶುಲ್ಕದಿಂದ ಬಂದದ್ದು. ಪ್ರತಿ ತಿಂಗಳು 5ನೇ ತಾರೀಕಿನ ಒಳಗೆ ಖರ್ಚಿನ ಪಟ್ಟಿ, ಬಿಲ್ಲುಗಳ ನಕಲು ಸಮೇತ ಬೋರ್ಡಿನ ಮೇಲಿರುತ್ತದೆ. ಶಾಮಿಯಾನದಿಂದ ಹಿಡಿದು ಸೇಫ್ಟಿ ಪಿನ್ನಿನವರೆಗೆ.

ನನಗೆ ಹೆಚ್ಚು ನೋವು ಕೊಟ್ಟದ್ದು ಆಯ್ಕೆಯ ವಿಚಾರ. ಸಮೂಹ ಗಾಯನಕ್ಕೆ ಹೆಸರು ಕೊಡಲು ಓಡಿ ಬಂದ ಮೊದಲ ವರ್ಷದ ಹುಡುಗಿಯೊಬ್ಬಳಿಗೆ 'ತಂಡ ನಿನ್ನೆಯೇ ಆಯ್ತಲ್ಲ' ಅಂದರು. ನೋಟಿಸ್ ಹಾಕಿದ್ದು ಅವತ್ತು ಬೆಳಿಗ್ಗೆ! ಅವಳು ಏನೂ ಅನ್ನದೆ ವಾಪಸು ಹೋದಳು. ಇನ್ನು ಮೇಲೆ ಯಾವುದೇ ಆಯ್ಕೆಗೆ 7 ದಿನ ಮುಂಚೆ ಎಲ್ಲ ತರಗತಿಗೂ ತಿಳಿಸಬೇಕು, ತೀರ್ಪುಗಾರರು ಕೊಟ್ಟ ಅಂಕ ಎಲ್ಲರಿಗೂ ಕಾಣಬೇಕು. ನನ್ನ ಆಪ್ತರು ಸ್ಪರ್ಧೆಯಲ್ಲಿದ್ದರೆ ಆ ಸಮಿತಿಯಲ್ಲಿ ನಾನು ಕೂರುವುದಿಲ್ಲ.

ಶುಲ್ಕ ಇಳಿಸುತ್ತೇನೆ, ಪರೀಕ್ಷೆ ಮುಂದೂಡಿಸುತ್ತೇನೆ ಅಂತ ನಾನು ಹೇಳುವುದಿಲ್ಲ. ಅದು ನಮ್ಮ ಸಂಘದ ಕೈಯಲ್ಲಿಲ್ಲ. ನಿಮ್ಮ ಮಾತನ್ನು ಆಡಳಿತದ ಮುಂದಿಟ್ಟು, ಅವರು ಕೊಟ್ಟ ಉತ್ತರವನ್ನು ಇದ್ದದ್ದು ಇದ್ದ ಹಾಗೆ ನಿಮಗೆ ತಂದು ಹೇಳುವುದು ನನ್ನ ಕೈಯಲ್ಲಿದೆ.

ನನ್ನ ಜೊತೆ ಸ್ಪರ್ಧಿಸುತ್ತಿರುವ ಇಬ್ಬರೂ ಒಳ್ಳೆಯವರು, ನನಗೆ ಬೇಕಾದವರು. ಅವರು ಗೆದ್ದರೂ ಲೆಕ್ಕ ಕೇಳಿ. ನಾನು ಗೆದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ಸತತ 2 ತಿಂಗಳು ಲೆಕ್ಕ ಬೋರ್ಡಿಗೆ ಬರದಿದ್ದರೆ ರಾಜೀನಾಮೆ ಕೊಡುತ್ತೇನೆ. ಹಾಗಂತ ಬರೆದು ಸಹಿ ಮಾಡಿದ ಪತ್ರ ಇಲ್ಲಿದೆ. ಇದನ್ನು ಈಗಲೇ ಚುನಾವಣಾಧಿಕಾರಿಗಳಾದ ನಮ್ಮ ಮೇಡಂ ಕೈಗೆ ಕೊಡುತ್ತಿದ್ದೇನೆ.

ನಾಳೆ ಬೆಳಿಗ್ಗೆ 10ರಿಂದ ಮತದಾನ. ಗುರುತಿನ ಚೀಟಿ ಮರೆಯದೆ ತನ್ನಿ. ಮತಪತ್ರದಲ್ಲಿ ನನ್ನ ಹೆಸರು ಮೂರನೆಯದು. ನಿಮ್ಮ ಮತ ನನಗೆ ಕೊಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.