ರಾಜೀನಾಮೆ ಪತ್ರ

ಗೋಣಿಕೊಪ್ಪಲು
ದಿನಾಂಕ: 1-9-2025

ಇವರಿಂದ:
ರಶ್ಮಿ ಬಿ. ಎಸ್.
ಸ್ಟಾಫ್ ನರ್ಸ್, ಹೆರಿಗೆ ವಾರ್ಡ್

ಇವರಿಗೆ:
ವೈದ್ಯಕೀಯ ಅಧೀಕ್ಷಕರು

ಮೂಲಕ: ನರ್ಸಿಂಗ್ ಸೂಪರಿಂಟೆಂಡೆಂಟ್

ವಿಷಯ: ಎಂ.ಎಸ್ಸಿ. ನರ್ಸಿಂಗ್ ವ್ಯಾಸಂಗಕ್ಕಾಗಿ ಹುದ್ದೆಗೆ ರಾಜೀನಾಮೆ

ಮಾನ್ಯರೇ,

ನಮ್ಮ ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಈ ಪತ್ರದ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿ ಹೇಳಿರುವ ಒಂದು ತಿಂಗಳ ನೋಟಿಸ್ ಇಂದಿನಿಂದ ಶುರುವಾಗುತ್ತದೆ. 30-9-2025 ನನ್ನ ಕೊನೆಯ ಕೆಲಸದ ದಿನ. ಅಂದು ಸಂಜೆ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.

ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಎಸ್ಸಿ. ನರ್ಸಿಂಗ್‌ಗೆ ಸೀಟು ಸಿಕ್ಕಿದೆ. ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆ ನಾನು ಆರಿಸಿಕೊಂಡ ವಿಭಾಗ. ಎರಡು ವರ್ಷದ ಕೋರ್ಸ್, ಅಕ್ಟೋಬರ್‌ನಲ್ಲಿ ತರಗತಿ ಆರಂಭ. ಪೂರ್ಣಾವಧಿಯ ಓದು ಆದ್ದರಿಂದ ಕೆಲಸದ ಜೊತೆಗೆ ಮಾಡುವುದು ಸಾಧ್ಯವಿಲ್ಲ. ಸಂಬಳದ ವಿಚಾರಕ್ಕೋ ಇನ್ಯಾವುದೋ ಬೇಸರಕ್ಕೋ ಹೊರಟಿದ್ದೇನೆ ಎಂದು ಯಾರೂ ಅಂದುಕೊಳ್ಳಬಾರದು ಎಂದು ಇಷ್ಟನ್ನೂ ಬರೆದೆ.

ಈ ಓದಿನ ಆಸೆ ಹುಟ್ಟಿದ್ದು ನಮ್ಮ ವಾರ್ಡಿನಲ್ಲೇ. ಒಂದು ಮಳೆಗಾಲದ ರಾತ್ರಿ ತೋಟದ ಲೈನ್ ಮನೆಯಿಂದ ಬಂದ ತಾಯಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಮೈಸೂರಿಗೆ ಕಳಿಸೋಣವೆಂದರೆ ತಿತಿಮತಿಯ ಆಚೆ ರಸ್ತೆಗೆ ಮರ ಬಿದ್ದಿತ್ತು. ಡಾಕ್ಟರ್ ಆಕ್ಸಿಟೋಸಿನ್ ಡ್ರಿಪ್ ಹಾಕಿಸಿದರು. ಹಿರಿಯ ಸಿಸ್ಟರ್ ಹೊಟ್ಟೆಯ ಮೇಲೆ ಅಂಗೈ ಇಟ್ಟು ಗರ್ಭಕೋಶವನ್ನು ಉಜ್ಜುತ್ತಲೇ ಇದ್ದರು. ಅದು ಗಟ್ಟಿಯಾಗುವವರೆಗೂ ಕೈ ತೆಗೆಯಲಿಲ್ಲ. ಮಧ್ಯೆ ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟು, "ನೋಡು, ಹೀಗಿರಬೇಕು" ಎಂದರು. ತಾಯಿ, ಮಗು ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು (ಮಗು ಅಜ್ಜಿಯ ಕಂಕುಳಲ್ಲಿ, ಅದು ಬೇರೆ ಮಾತು). ನಮ್ಮಂಥ ಊರಿನಲ್ಲಿ ರಸ್ತೆ ಬಂದ್ ಆದಾಗ ವಾರ್ಡಿನಲ್ಲಿ ಇರುವವರೇ ಎಲ್ಲವನ್ನೂ ನೋಡಿಕೊಳ್ಳಬೇಕು ಅಲ್ವಾ? ಆ ಸಿಸ್ಟರ್‌ಗೆ ಗೊತ್ತಿರುವುದು ನನಗೂ ಗೊತ್ತಿರಬೇಕು, ಅದನ್ನು ಹೊಸಬರಿಗೆ ಕಲಿಸುವಷ್ಟು ಗೊತ್ತಿರಬೇಕು ಅನ್ನಿಸಿತು.

2019ರಲ್ಲಿ ಬಿ.ಎಸ್ಸಿ. ಮುಗಿಸಿ ಸೇರಿದಾಗ ನನಗೆ ಪುಸ್ತಕದ ಪಾಠ ಮಾತ್ರ ಬರುತ್ತಿತ್ತು. ಗಾಬರಿಯಾದ ಮನೆಯವರ ಜೊತೆ ಹೇಗೆ ಮಾತಾಡಬೇಕು, ಹಾಡಿಯಿಂದ ಬಂದ ಹೆಣ್ಣುಮಗಳು ಸುಮ್ನೆ ಕೂತಿದ್ದರೆ ಅದು ಸಂಕೋಚವೋ ನೋವೋ ಹೇಗೆ ತಿಳಿಯಬೇಕು, ಇದೆಲ್ಲ ಇಲ್ಲಿ ಕಲಿತದ್ದು. ತಮಗೆ, ಸೂಪರಿಂಟೆಂಡೆಂಟ್ ಮೇಡಂಗೆ, ರಾತ್ರಿ ಎಷ್ಟೊತ್ತಿಗೆ ಕರೆದರೂ ಬೇಸರಿಸದ ಡಾಕ್ಟರುಗಳಿಗೆ ನಾನು ಋಣಿ. ಆಯಾ ಅಕ್ಕಂದಿರನ್ನು ಇಲ್ಲಿ ಬಿಟ್ಟರೆ ಪತ್ರ ಅರ್ಧವೇ ಆದೀತು. ಪರೀಕ್ಷೆಗೆ ಓದುವಾಗ ನನ್ನ ನೈಟ್ ಡ್ಯೂಟಿ ಬದಲಾಯಿಸಿಕೊಂಡ ಗೆಳತಿಯರಿಗೂ ಧನ್ಯವಾದ.

ನೋಟಿಸ್ ಅವಧಿಯಲ್ಲಿ ರಜೆ ಕೇಳುವುದಿಲ್ಲ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ದಿನ ನನಗೆ ಡ್ಯೂಟಿ ಹಾಕಿದರೆ ಹಬ್ಬ ಇರುವವರು ಮನೆಗೆ ಹೋಗಬಹುದು. ನನ್ನ ಜಾಗಕ್ಕೆ ಬರುವವರ ಜೊತೆ ಕೊನೆಯ ವಾರ ಒಂದೇ ಶಿಫ್ಟಿನಲ್ಲಿ ಇದ್ದು ಕೆಲಸ ಒಪ್ಪಿಸುತ್ತೇನೆ. ವಾರ್ಡಿನ ಸ್ಟಾಕ್ ರಿಜಿಸ್ಟರ್, ಎಮರ್ಜೆನ್ಸಿ ಟ್ರೇ ಪಟ್ಟಿ, ಕಪಾಟಿನ ಕೀಲಿ ಎಲ್ಲವನ್ನೂ ಸಹಿ ಪಡೆದು ಕೊಡುತ್ತೇನೆ.

ಒಂದೆರಡು ವಿಷಯ ಈಗಲೇ ಹೇಳಿಬಿಡುತ್ತೇನೆ. ಆಕ್ಸಿಟೋಸಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಕರೆಂಟ್ ಬಂದ ಕೂಡಲೇ ಥರ್ಮಾಮೀಟರ್ ನೋಡಿ ಚಾರ್ಟಿನಲ್ಲಿ ಬರೆಯುವ ಅಭ್ಯಾಸ ಮುಂದುವರಿಯಲಿ. ಬಿಪಿ ಏರಿ ಫಿಟ್ಸ್ ಬರುವ ಗರ್ಭಿಣಿಯರಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಇರುವಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಕೂಡ ಇಡಿಸಿದ್ದೇನೆ. ಔಷಧಿ ಹೆಚ್ಚಾಗಿ ಉಸಿರಾಟ ಇಳಿದರೆ ಅದನ್ನು ಹುಡುಕಿಕೊಂಡು ಓಡಬೇಕಾಗಬಾರದು. ದಯವಿಟ್ಟು ಅವೆರಡನ್ನು ಬೇರೆ ಮಾಡಬೇಡಿ.

ಕಾಲೇಜಿನ ದಾಖಲಾತಿಗೆ ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ ಮತ್ತು ಕಚೇರಿಯಲ್ಲಿರುವ ನನ್ನ ಮೂಲ ಅಂಕಪಟ್ಟಿಗಳು ಬೇಕಾಗುತ್ತವೆ. ಕೊನೆಯ ದಿನವೇ ಇವನ್ನು ಕೊಡಿಸಿದರೆ ಬಹಳ ಉಪಕಾರ. ಬಾಕಿ ಸಂಬಳ ಮತ್ತು ಪಿ.ಎಫ್. ಲೆಕ್ಕವನ್ನು ನಿಯಮದಂತೆ ಇತ್ಯರ್ಥ ಮಾಡಿಸಬೇಕೆಂದೂ ವಿನಂತಿ.

ನನ್ನ ರಾಜೀನಾಮೆಯನ್ನು ಅಂಗೀಕರಿಸಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ರಶ್ಮಿ ಬಿ. ಎಸ್.

ಪ್ರತಿ: ಆಡಳಿತ ಕಚೇರಿ, ಸೇವಾ ಕಡತಕ್ಕೆ
ಲಗತ್ತು: ಕಾಲೇಜಿನ ಪ್ರವೇಶ ಪತ್ರದ ಜೆರಾಕ್ಸ್ ಪ್ರತಿ