ಕೆಸುವಿನ ಎಲೆ ಅಡಿಯ ಬೊಟ್ಟು

ತೀರ್ಥಹಳ್ಳಿ ಕಡೆ ಒಂದು ಅಡಿಕೆ ತೋಟ. ತೋಟದ ಕೆಳಗೆ ಒಂದು ಹಳ್ಳ. ಹಳ್ಳದ ದಡದಲ್ಲಿ ದೊಡ್ಡ ದೊಡ್ಡ ಕೆಸುವಿನ ಎಲೆಗಳು. ಅದರಲ್ಲಿ ಒಂದು ಎಲೆಯ ಅಡಿಯಲ್ಲಿ ಒಬ್ಬ ಪುಟಾಣಿ ಮಿಂಚುಹುಳ ಇದ್ದ. ಅವನ ಹೆಸರು ಬೊಟ್ಟು.

ಆಗ ಮುಂಗಾರು ಮಳೆ ಇನ್ನೇನು ಬರಬೇಕು. ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಮಣ್ಣು ಘಮ್ ಅಂತಿತ್ತು. ಮಿಂಚುಹುಳಗಳಿಗೆ ಅದೇ ಹಬ್ಬದ ಕಾಲ. ಕತ್ತಲಾದ ಕೂಡಲೇ ಎಲ್ಲರೂ ಹೊರಗೆ ಬರುತ್ತಿದ್ದರು.

ಮಿಣುಕ್... ಮಿಣುಕ್... ಮಿಣುಕ್...

ಬೊಟ್ಟು ಮಾತ್ರ ಬರುತ್ತಿರಲಿಲ್ಲ. ಅವನಿಗೆ ನಾಚಿಕೆ. ಮನೆಗೆ ನೆಂಟರು ಬಂದಾಗ ನೀನು ಬಾಗಿಲ ಹಿಂದೆ ನಿಂತುಕೊಳ್ಳುತ್ತೀಯಲ್ಲ, ಅಷ್ಟು ನಾಚಿಕೆ.

ಅಮ್ಮ ಕರೆದಳು. "ಬಾರೋ ಬೊಟ್ಟು, ಮಿನುಗೋಣ."

ಬೊಟ್ಟು ಎಲೆ ಅಡಿಗೆ ಸರಿದ. ಹೊಟ್ಟೆ ಮುದುಡಿಕೊಂಡ. "ಈಗ ಬೇಡ ಅಮ್ಮ, ಆಮೇಲೆ."

"ಆಯ್ತು ಕಂದ, ಆಮೇಲೆ."

ಹಳ್ಳದಿಂದ ಕಪ್ಪೆ ಮಾಮ ಕರೆದ. "ವಟರ್ ವಟರ್! ಬಾರೋ ಬೊಟ್ಟು, ಮಿನುಗು ನೋಡೋಣ."

ಬೊಟ್ಟು ಎಲೆ ಅಡಿಗೆ ಸರಿದ. ಹೊಟ್ಟೆ ಮುದುಡಿಕೊಂಡ. "ಈಗ ಬೇಡ ಮಾಮ, ಆಮೇಲೆ."

"ಆಯ್ತು ಮರಿ, ಆಮೇಲೆ."

ಮರದ ಮೇಲಿಂದ ಜೀರುಂಡೆ ಅಕ್ಕ ಕರೆದಳು. "ಜೀಂಯ್... ಬಾರೋ ಬೊಟ್ಟು, ಮಿನುಗು ನೋಡೋಣ."

ಬೊಟ್ಟು ಏನು ಮಾಡಿದ, ಹೇಳು? ಹ್ಞಾಂ. ಎಲೆ ಅಡಿಗೆ ಸರಿದ. ಹೊಟ್ಟೆ ಮುದುಡಿಕೊಂಡ. "ಈಗ ಬೇಡ ಅಕ್ಕ, ಆಮೇಲೆ."

"ಆಯ್ತು ಪುಟ್ಟ, ಆಮೇಲೆ."

ತೋಟದ ಆಚೆ ಒಂದು ಮನೆ. ಆ ಮನೆಯ ಜಗಲಿಯಲ್ಲಿ ಒಂದು ಬಲ್ಬ್. ಅದರ ಬೆಳಕು ಹಳ್ಳದವರೆಗೂ ಬೀಳುತ್ತಿತ್ತು. ಅಷ್ಟರಲ್ಲಿ ಟಪ್! ಕರೆಂಟ್ ಹೋಯಿತು. ಮಳೆಗಾಲ ಬಂತು ಅಂದರೆ ಮಲೆನಾಡಲ್ಲಿ ಕರೆಂಟ್ ಹೋಗಲೇಬೇಕು, ಬಿಡು.

ಕತ್ತಲು. ಒಳ್ಳೆ ದಪ್ಪ ಕತ್ತಲು. ಬೊಟ್ಟುಗೆ ತನ್ನ ಕಾಲೇ ತನಗೆ ಕಾಣಲಿಲ್ಲ.

"ಈಗ ಯಾರಿಗೂ ನಾನು ಕಾಣಲ್ಲ," ಅಂದುಕೊಂಡ. "ಒಂದೇ ಒಂದು ಸಲ. ಸುಮ್ನೆ. ನನಗೆ ಮಾತ್ರ."

ಹೊಟ್ಟೆ ಸಡಿಲ ಬಿಟ್ಟ.

ಮಿಣುಕ್.

ಅಯ್ಯೋ! ಹೊಟ್ಟೆಯ ತುದಿಯಲ್ಲಿ ಬೆಳಕು! ಹಸಿರು ಹಸಿರು ಬೆಳಕು. ಸುಡಲೇ ಇಲ್ಲ. ಮಿಂಚುಹುಳದ ಬೆಳಕು ಸುಡೋದಿಲ್ಲ ಕಂದ, ದೀಪದ ಹಾಗಲ್ಲ ಅದು.

ಬೊಟ್ಟು ಗಾಬರಿಯಿಂದ ಹೊಟ್ಟೆ ಮುದುಡಿಕೊಂಡ. ಆಗ ಪಕ್ಕದ ಎಲೆಯ ಅಡಿಯಿಂದ ಇನ್ನೊಂದು ಬೆಳಕು.

ಮಿಣುಕ್.

"ಯಾರದು?" ಅಂದ ಬೊಟ್ಟು.

"ನಾನು ಮಿಣ್ಣಿ. ನಂಗೂ ನಾಚಿಕೆ. ಯಾರೂ ನೋಡಲ್ಲ ಅಂತ ಮಿನುಗಿದೆ."

"ನಾನು ನೋಡಿದೆ."

"ನಾನೂ ನಿನ್ನ ನೋಡಿದೆ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೊಟ್ಟು, ಮಿಣುಕ್. ಆಮೇಲೆ ಮಿಣ್ಣಿ, ಮಿಣುಕ್. ಬೊಟ್ಟು, ಮಿಣುಕ್. ಮಿಣ್ಣಿ, ಮಿಣುಕ್.

ಅಮ್ಮ ಹಾರಿ ಬಂದು ಎಲೆಯ ಮೇಲೆ ಕೂತಳು. ಬಗ್ಗಿ ನೋಡಲಿಲ್ಲ. ಮೇಲಿಂದಲೇ ಕೇಳಿದಳು. "ಬೊಟ್ಟು, ಹಲಸಿನ ಮರಕ್ಕೆ ಹೋಗೋಣವಾ?"

"ಅಲ್ಲಿ ಎಲ್ಲರೂ ಇರ್ತಾರೆ ಅಮ್ಮ. ನಂಗೆ ಸರಿಯಾಗಿ ಮಿನುಗೋಕೆ ಬರಲ್ಲ."

"ಮಿನುಗೋದು ಅಂದರೆ ಏನು? ಒಂದು ಸಲ ಹೊತ್ತಬೇಕು, ಒಂದು ಸಲ ಆರಬೇಕು. ಆರೋದು ನಿಂಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರತ್ತೆ. ಅರ್ಧ ಕಲಿತೇ ಬಿಟ್ಟಿದ್ದೀಯ."

ಹೌದಲ್ವಾ! ಬೊಟ್ಟುಗೆ ಇದು ಹೊಳೆದೇ ಇರಲಿಲ್ಲ.

ಬೊಟ್ಟು ಎಲೆ ಅಡಿಯಿಂದ ಒಂದು ಕಾಲು ಹೊರಗೆ ಇಟ್ಟ. ಇನ್ನೊಂದು ಕಾಲು ಇಟ್ಟ. ಮಿಣ್ಣಿಯೂ ಬಂದಳು. ಮೂವರೂ ಮೆಲ್ಲಗೆ ಹಾರಿದರು, ಹಳ್ಳದ ಮೇಲೆ, ಅಡಿಕೆ ಮರಗಳ ನಡುವೆ, ಹಲಸಿನ ಮರದ ತನಕ.

ಮರದ ತುಂಬಾ ಮಿಂಚುಹುಳ. ಎಷ್ಟು ಅಂದರೆ ಎಣಿಸೋಕೆ ಆಗಲ್ಲ. ಎಲ್ಲರೂ ಒಟ್ಟಿಗೆ ಹೊತ್ತುತ್ತಿದ್ದರು. ಎಲ್ಲರೂ ಒಟ್ಟಿಗೆ ಆರುತ್ತಿದ್ದರು.

ಮಿಣುಕ್... ಕತ್ತಲು.
ಮಿಣುಕ್... ಕತ್ತಲು.

ಬೊಟ್ಟು ಒಂದು ಎಲೆಯ ಅಂಚಲ್ಲಿ ಕೂತ. ಮೊದಲು ಎಲ್ಲರ ಜೊತೆ ಆರಿದ. ಅದು ಸುಲಭ. ಮತ್ತೆ ಆರಿದ. ಮತ್ತೆ ಆರಿದ. ಆಮೇಲೆ ಎಲ್ಲರ ಜೊತೆ ಹೊತ್ತಿದ.

ಮಿಣುಕ್!

ಅಷ್ಟೊಂದು ಬೆಳಕಲ್ಲಿ ಬೊಟ್ಟು ಯಾರು, ಮಿಣ್ಣಿ ಯಾರು, ಯಾರಿಗೂ ಗೊತ್ತಾಗಲಿಲ್ಲ. ಅದೇ ಅವನಿಗೆ ಜಾಸ್ತಿ ಇಷ್ಟವಾಯಿತು.

ಕೆಳಗೆ ಹಳ್ಳದಲ್ಲಿ ಕಪ್ಪೆ ಮಾಮ ಕೇಳಿದ. "ವಟರ್ ವಟರ್! ಬೊಟ್ಟು, ಆಮೇಲೆ ಅಂದಿದ್ದೆಯಲ್ಲ, ಎಲ್ಲಿದ್ದೀಯೋ?"

"ಇಲ್ಲೇ ಇದ್ದೀನಿ ಮಾಮ! ಹುಡುಕು ನೋಡೋಣ!"

ಕಪ್ಪೆ ಮಾಮ ಇನ್ನೂ ಹುಡುಕುತ್ತಲೇ ಇದ್ದಾನೆ. ನಾಳೆ ಕರೆಂಟ್ ಹೋದರೆ ನಾವೂ ಕಿಟಕಿಯಿಂದ ನೋಡೋಣ, ಆಯ್ತಾ? ಈಗ ಆ ಕಡೆ ತಿರುಗಿ ಮಲಗು. ಕಾಲಿಗೆ ಕಂಬಳಿ ಸಾಕಾಯ್ತಾ?